ಆದಷ್ಟು ಬೇಗ ಅಂದರೆ ಯಾವಾಗ?

ಬಾಣಂತನದ ರಜೆಗೆ ಹೊರಟ ದಿನ ನನಗೂ ನಮ್ಮ ಪ್ರಿನ್ಸಿಪಾಲರಿಗೂ ಒಂದು ಸಣ್ಣ ಜಗಳವಾಯಿತು. ಜಗಳ ಅಂದರೆ ಆಡಿದ್ದೆಲ್ಲ ನಾನೇ. ಅವರು ನಗುನಗುತ್ತಲೇ ಗೆದ್ದುಬಿಟ್ಟರು.

ಭಾರತೀನಗರದ ಕಾಲೇಜೊಂದರ ಕಚೇರಿಯಲ್ಲಿ ನನ್ನ ಕೆಲಸ. ನಮ್ಮಲ್ಲಿ ಓದಿ ಹೋದವರಿಗೆ ಎಲ್ಲಾದರೂ ನೌಕರಿ ಸಿಕ್ಕಾಗ ಕಂಪನಿಯ ಪರವಾಗಿ ಯಾವುದೋ ಏಜೆನ್ಸಿಯವರು ಮೇಲ್ ಕಳಿಸಿ, ‘ಇವರು ನಿಮ್ಮಲ್ಲಿ ಓದಿದ್ದು ನಿಜವೇ?’ ಎಂದು ಕೇಳುತ್ತಾರೆ. ಅಡ್ಮಿಷನ್ ರಿಜಿಸ್ಟರ್ ತೆಗೆದು ನೋಡಿ, ಅವರ ಫಾರಂ ತುಂಬಿ, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ, ಸ್ಕ್ಯಾನ್ ಮಾಡಿ ವಾಪಸ್ ಕಳಿಸಬೇಕು. ಅಂಥ ದೊಡ್ಡ ಕೆಲಸವೇನಲ್ಲ. ಆದರೆ ಯಾರಾದರೂ ಕೂತು ಮಾಡಲೇಬೇಕು.

ಆವತ್ತು ನಾನು, ರಜೆಯಲ್ಲಿದ್ದಾಗ ಮೇಲ್ ಕಳಿಸಿದವರಿಗೆ ತಾನಾಗಿ ಹೋಗುವ ಉತ್ತರವನ್ನು ಬರೆದಿಡುತ್ತಿದ್ದೆ. ಯಾವತ್ತಿನಿಂದ ಯಾವತ್ತಿನವರೆಗೆ ಇರುವುದಿಲ್ಲ, ಅಲ್ಲಿಯತನಕ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಇಷ್ಟೇ. ‘ನನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ’ ಅನ್ನುವ ಚೌಕಕ್ಕೆ ಟಿಕ್ ಹಾಕಲಿಲ್ಲ, ಯಾಕೆಂದರೆ ಈ ಏಜೆನ್ಸಿಯವರೆಲ್ಲ ಗುರುತು ಪರಿಚಯ ಇಲ್ಲದವರೇ. ಕೇಳಬೇಕಾದವರು ಅಂತ ಪಕ್ಕದ ಮೇಜಿನ ಸಹೋದ್ಯೋಗಿಯ ಹೆಸರು ಹಾಕಿದ್ದೆ. ನಿಡಘಟ್ಟದಿಂದ ದಿನಾ ಬರುವ ಮನುಷ್ಯ, ರಿಜಿಸ್ಟರ್ ಎಲ್ಲಿದೆ ಅಂತ ನನ್ನಷ್ಟೇ ಬಲ್ಲವರು.

ಹಿಂದೆ ನಿಂತು ಓದಿದ ಪ್ರಿನ್ಸಿಪಾಲರು, “ಏನಮ್ಮಾ ಇದು, ನಾನೊಬ್ಬ ಇರುವಾಗ ಅವರ ಹೆಸರೇ? ಹೊರಗಿನವರು ಏನು ತಿಳಿದುಕೊಳ್ಳುತ್ತಾರೆ? ನನ್ನ ಹೆಸರು ಹಾಕಿ, ನನ್ನ ಮೇಲ್ ಹಾಕಿ” ಅಂದರು.

“ಸಾರ್, ನಿಮ್ಮ ಮೇಲ್ ತೆಗೆಯೋಳೂ ನಾನೇ ಅಲ್ವಾ?”

“ಅಯ್ಯೋ, ಹಾಕೀಮ್ಮ. ನೋಡ್ಕೊಳ್ಳೋಣ. ಮತ್ತೆ ಈ ‘ಮೂರು ಕೆಲಸದ ದಿನ’ ಅಂತ ಯಾಕೆ ಸಿಕ್ಕಿಹಾಕ್ಕೋತೀರಿ? ‘ಆದಷ್ಟು ಬೇಗ’ ಅಂತ ಹಾಕಿ, ನೀಟಾಗಿರುತ್ತೆ.”

ನಮ್ಮ ಕಡೆ ಹಿರಿಯರನ್ನು ದಾಟಿ ಕಿರಿಯರ ಹೆಸರು ಹಾಕುವುದೆಂದರೆ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನನ್ನು ಬಿಟ್ಟ ಹಾಗೆ. ಏಳು ತಿಂಗಳ ಹೊಟ್ಟೆ ಹೊತ್ತು ಎಷ್ಟಂತ ವಾದ ಮಾಡಲಿ? ‘ಹಾಳಾಗಿ ಹೋಗಲಿ’ ಅಂತ ಅವರು ಹೇಳಿದಂತೆಯೇ ಹಾಕಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಕೊತ್ತತ್ತಿಯ ತವರಿಗೆ ಹೊರಟೆ.

ಹೆಣ್ಣು ಮಗು ಹುಟ್ಟಿತು. ಅಮ್ಮ ನನ್ನ ಕಿವಿಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ, ಫೋನನ್ನು ಬೀರುವಿನಲ್ಲಿಟ್ಟು ಬೀಗ ಜಡಿದರು. “ಹಸಿ ಬಾಣಂತಿ ಆ ಬೆಳಕು ನೋಡುದ್ರೆ ಕಣ್ಣು ಓಯ್ತವೆ” ಅನ್ನುವುದು ಅವರ ಖಾತ್ರಿ. ಯಾರೇ ಬಂದರೂ ಬಾಗಿಲಲ್ಲೇ ವಿಚಾರಣೆ: “ಮಗಳು ಈಗ ಮಾತಾಡಂಗಿಲ್ಲ ಕಣಮ್ಮ. ಹಾಲಿನ ವಿಷ್ಯ ಆದ್ರೆ ನಮ್ಮ ಸೊಸೇನ ಕೇಳು, ಮಗೀನ ನೋಡಾಕಾದ್ರೆ ಸೋಮವಾರ ಬಾ.” ನನಗೆ ಒಳಗೇ ನಗು. ನಮ್ಮ ಪ್ರಿನ್ಸಿಪಾಲರಿಗೆ ಬಾರದ್ದು ಅಮ್ಮನಿಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಒಂದು ಹುಡುಗಿಯ ದನಿ ಕೇಳಿತು. ಅಮ್ಮ ಎಷ್ಟು ಗದರಿದರೂ ಅವಳು ಜಗ್ಗುತ್ತಿರಲಿಲ್ಲ. “ಅಜ್ಜಿ, ಎರಡು ಬಸ್ಸು ಬದಲಾಯಿಸಿ ಮಳವಳ್ಳಿಯಿಂದ ಬಂದಿವ್ನಿ. ಮೇಡಮ್ಮನ್ನ ಒಂದು ಮಾತು ಕೇಳ್ಕಂಡು ಓಯ್ತೀನಿ.” ಅಮ್ಮನಿಗೆ ಕರುಳು ಚುರುಕ್ ಅಂದಿರಬೇಕು, ಕೈಕಾಲು ತೊಳೆಸಿ ಒಳಗೆ ಬಿಟ್ಟರು.

ನಮ್ಮಲ್ಲೇ ಬಿ.ಎಸ್ಸಿ. ಮುಗಿಸಿದ ಹುಡುಗಿ. ಮದ್ದೂರಿನ ಹತ್ತಿರ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಮನೆಯಿಂದಲೇ ಓಡಾಡಬಹುದು ಅಂತ ಕುಣಿದಾಡಿಕೊಂಡು, ಮಾಡುತ್ತಿದ್ದ ಜೆರಾಕ್ಸ್ ಅಂಗಡಿಯ ಕೆಲಸವನ್ನೂ ಬಿಟ್ಟಿದ್ದಳು. ಏಜೆನ್ಸಿಯವರು ನನಗೆ ಮೇಲ್ ಕಳಿಸಿದರೆ ಪ್ರಿನ್ಸಿಪಾಲರನ್ನು ಕೇಳಿ ಅಂತ ಉತ್ತರ ಹೋಗಿದೆ. ಪ್ರಿನ್ಸಿಪಾಲರಿಗೆ ಕಳಿಸಿದ್ದು ನನ್ನ ಮೇಜಿನ ಮೇಲೆ, ಬಟ್ಟೆ ಹೊದ್ದ ಕಂಪ್ಯೂಟರಿನೊಳಗೆ ಬಿದ್ದಿದೆ. ಇವಳೂ ಮೇಲ್ ಹಾಕಿ ನೋಡಿದ್ದಾಳೆ, ಇವಳಿಗೂ ಅದೇ ಉತ್ತರ.

“‘ಆದಷ್ಟು ಬೇಗ’ ಅಂತಿತ್ತಲ್ಲ ಮೇಡಂ, ಇವತ್ತು ಬತ್ತದೆ ನಾಳೆ ಬತ್ತದೆ ಅಂತ ಕಾದೆ. ಈಗ ಶುಕ್ರವಾರದೊಳಗೆ ಕಾಲೇಜಿಂದ ಉತ್ತರ ಬರದಿದ್ರೆ ಬೇರೆಯವ್ರನ್ನ ತಗೋತೀವಿ ಅಂತಾವ್ರೆ. ಕಾಲೇಜಿಗೆ ಓದ್ರೆ ಪ್ರಿನ್ಸಿಪಾಲರು ಮೈಸೂರಿಗೆ ಮೀಟಿಂಗಿಗೆ ಓಗವ್ರೆ. ಅದನ್ನೆಲ್ಲ ಆ ಅಕ್ಕನೇ ನೋಡೋದು, ಕೊತ್ತತ್ತಿಗೆ ಬಾಣಂತನಕ್ಕೆ ಓಗವ್ರೆ ಅಂದ್ರು ಆಫೀಸಲ್ಲಿ.” ಅಷ್ಟು ಹೇಳಿ ಕಣ್ಣು ಒರೆಸಿಕೊಂಡಳು. ಆವತ್ತು ಬುಧವಾರ.

ನನ್ನ ಪಿತ್ತ ನೆತ್ತಿಗೇರಿತು. ಎಂಥ ಚೆಂದದ ಏರ್ಪಾಡು! ನಾನಿಲ್ಲದಾಗ ಯಾರನ್ನು ಕೇಳಬೇಕು ಅಂದರೆ, ಸುತ್ತಿ ಬಳಸಿ ನನ್ನನ್ನೇ!

“ಅಮ್ಮಾ, ಬೀರು ಕೀಲಿ ಕೊಡು.”

“ಕೊಡಾಕಿಲ್ಲ, ಓಗು.”

“ಅಮ್ಮ, ಈ ಮಗೀನ ಅನ್ನದ ವಿಷ್ಯ.”

ಅಮ್ಮ ಹುಡುಗಿಯ ಮುಖ ನೋಡಿದರು, ತೊಟ್ಟಿಲು ನೋಡಿದರು. ಗೊಣಗುತ್ತ ಸೊಂಟದಿಂದ ಕೀಲಿ ತೆಗೆದರು. “ಕಣ್ಣು ನೋವು ಅಂತ ನನ್ನತ್ರ ಬರ್ಬ್ಯಾಡ, ಅಷ್ಟೆಯ.”

ಮೊದಲು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. “ಛೆ ಛೆ, ಎಂಥ ಕೆಲಸ ಆಯ್ತಮ್ಮ. ನಿಮ್ಮ ಪಕ್ಕದ ಮೇಜಿನವರಿಗೆ ಹೇಳಿ, ನನ್ನ ಮೇಲ್ ತೆಗೆಯಲಿ. ನಾಳೆ ಬೆಳಿಗ್ಗೆ ಬಂದವನೇ ಸಹಿ ಮಾಡ್ತೀನಿ. ನಿಮ್ಮ ಉತ್ತರದಲ್ಲೂ ಅವರ ಹೆಸರೇ ಹಾಕಿಬಿಡಿ” ಅಂದರು. ದೊಡ್ಡತನ ಅವರದು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆಮೇಲೆ ಸಹೋದ್ಯೋಗಿಗೆ. “ನನ್ ಎಸ್ರಾ? ಬ್ಯಾಡ ಬುಡಕ್ಕ, ಸಾಹೇಬ್ರು ಏನಂದ್ಕಂಡಾರು!” ಅಂತ ಶುರು ಮಾಡಿದರು. ಸಾಹೇಬರೇ ಹೇಳಿದ್ದಾರೆ ಅಂದ ಮೇಲೆ ದನಿಯೇ ಬೇರೆ. ನನ್ನ ಕಂಪ್ಯೂಟರಿನ ಬಟ್ಟೆ ತೆಗೆದು ನೋಡಿ, “ಅಯ್ಯಯ್ಯಪ್ಪ, ಇನ್ನೂ ನಾಕು ಜನರದ್ದು ಬಂದು ಕೂತವೆ ಕಣಕ್ಕ” ಎಂದು ಕೂಗಿದರು.

“ಎಷ್ಟು ದಿನ ಅಂತ ಹಾಕಲಿ?”

“ಸಾಹೇಬ್ರು ಊರಲ್ಲಿಲ್ದೆ ಇದ್ರೂ ಮೂರು ದಿನದಲ್ಲಿ ಆಯ್ತದೆ. ಮೂರು ಅಂತ ಹಾಕು.”

ಮಂಚದ ಮೇಲೆ ಕೂತೇ ಫೋನಿನಲ್ಲಿ ಹಳೆಯ ಉತ್ತರ ಅಳಿಸಿ ಹೊಸದು ಬರೆದೆ. ರಜೆ ಮುಗಿಯುವವರೆಗೆ ನಾನು ಮೇಲ್ ನೋಡುವುದಿಲ್ಲ, ದಾಖಲೆ ಪರಿಶೀಲನೆಗೆ ಇವರಿಗೆ ಬರೆಯಿರಿ, ಮೂರು ಕೆಲಸದ ದಿನದೊಳಗೆ ಉತ್ತರ ಬರುತ್ತದೆ, ತುರ್ತಿದ್ದರೆ ಕಚೇರಿಗೆ ಫೋನ್ ಮಾಡಿ. ಕೆಲಸ ಆಯಿತೋ ನೋಡೋಣ ಅಂತ ಹುಡುಗಿ ತನ್ನ ಅಣ್ಣನ ಐಡಿಯಿಂದ ಒಂದು ಮೇಲ್ ಹಾಕಿದಳು. ಅವಳ ಐಡಿಗೆ ಹಳೆಯ ಉತ್ತರ ಆಗಲೇ ಹೋಗಿತ್ತು, ಒಬ್ಬರಿಗೇ ಮತ್ತೆ ಹೋಗುತ್ತದೋ ಇಲ್ಲವೋ ಅಂತ ಅನುಮಾನ. ಟಿಂಗ್ ಅಂತು. ಓದಿದಳು, “ಮೂರು ದಿನ” ಅಂತ ತನಗೆ ತಾನೇ ಹೇಳಿಕೊಂಡಳು. ಅಮ್ಮ ಅವಳಿಗೆ ಮುದ್ದೆ ಬಡಿಸಿದರು.

ಗುರುವಾರ ಸಂಜೆಗೆ ಏಜೆನ್ಸಿಗೆ ಉತ್ತರ ಹೋಯಿತು. ಸೋಮವಾರದಿಂದ ಕೆಲಸಕ್ಕೆ ಬಾ ಅಂದರಂತೆ. ಸುದ್ದಿ ಕೇಳಿ ಅಮ್ಮ, “ನಾನು ಕೀಲಿ ಕೊಟ್ಟುದ್ಕೆ ಆಯ್ತು” ಅಂತ ಊರಿಗೆಲ್ಲ ಹೇಳಿಕೊಂಡು ಬಂದರು.

ರಜೆ ಮುಗಿಸಿ ಕಚೇರಿಗೆ ಮರಳಿ ಒಂದಷ್ಟು ದಿನವಾಗಿತ್ತು. ನಮ್ಮ ಕಾಲೇಜಿನ ಮಕ್ಕಳಿಗೆ ಆ ಮದ್ದೂರಿನ ಹತ್ತಿರದ ಫ್ಯಾಕ್ಟರಿ ತೋರಿಸಬೇಕು, ಅನುಮತಿ ಕೇಳಿ ಅಂದರು ಪ್ರಿನ್ಸಿಪಾಲರು. ಆ ಹುಡುಗಿಯ ಆಫೀಸ್ ಐಡಿಗೇ ಬರೆದೆ. ಕಳಿಸಿ ಕೈ ತೆಗೆಯುವಷ್ಟರಲ್ಲಿ ಉತ್ತರ ಬಂತು. ‘ನನ್ನ ಅಕ್ಕನ ಬಾಣಂತನಕ್ಕಾಗಿ ತಿಂಗಳ ಕೊನೆಯವರೆಗೆ ರಜೆಯಲ್ಲಿದ್ದೇನೆ. ಅಲ್ಲಿಯವರೆಗೆ ಲ್ಯಾಬಿನ ಈ ಸಹೋದ್ಯೋಗಿಗೆ ಬರೆಯಿರಿ. ಎರಡು ಕೆಲಸದ ದಿನದಲ್ಲಿ ಉತ್ತರಿಸುತ್ತಾರೆ. ಅವರನ್ನು ಕೇಳಿಯೇ ಹೆಸರು ಹಾಕಿದ್ದೇನೆ, ಅವರ ಮೇಲ್ ಅವರೇ ನೋಡುತ್ತಾರೆ.’

ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. “ಏನಕ್ಕ, ಒಬ್ಬಳೇ ನಗ್ತಿದ್ದೀಯ?” ಅಂದರು ಪಕ್ಕದ ಮೇಜಿನವರು. ಪರದೆಯನ್ನು ಅವರ ಕಡೆ ತಿರುಗಿಸಿದೆ.