ಲೇತ್ ಪುಸ್ತಕಕ್ಕೆ ಒಂದೇ ಇಂಗ್ಲಿಷ್

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲೇ ಹಗಲು ಹೊರಗಿನ ಕೆಲಸ ನಡೆಯುತ್ತಿತ್ತು. ಲಗ್ನಪತ್ರಿಕೆ, ದಲಾಲಿ ಅಂಗಡಿಗಳ ಬಿಲ್ ಪುಸ್ತಕ, ಸಿನಿಮಾ ಟಾಕೀಸಿನ ಕರಪತ್ರ, ಹೀಗೆ. ಅದಕ್ಕೂ ಮೊದಲು ಕೆಲವು ವರ್ಷ ಬೆಂಗಳೂರಿನಲ್ಲಿ ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದವನಾದ್ದರಿಂದ, ಅಪರೂಪಕ್ಕೆ ಬರುತ್ತಿದ್ದ ಇಂಗ್ಲಿಷ್ ಕರಡುಗಳು ನನ್ನ ಮೇಜಿಗೇ ಬರುತ್ತಿದ್ದವು.

ಪ್ರೆಸ್ಸಿನ ಮಾಲೀಕರು ಹತ್ತಿ ವ್ಯಾಪಾರದ ಮನೆತನದವರು. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಹರಿಹರದಲ್ಲಿ ಯಂತ್ರ ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ಇಂಗ್ಲಿಷ್ ಪುಸ್ತಕಗಳೆಲ್ಲ ಬೊಂಬಾಯಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಹದಿನಾಲ್ಕು ಕಿಲೋಮೀಟರ್ ದೂರದ ಕಾರ್ಖಾನೆಯ ಕೆಲಸ ಬೊಂಬಾಯಿಗೆ ಹೋಗುವುದು ಸಾವ್ಕಾರರಿಗೆ ಬಹಳ ವರ್ಷದ ಉರಿ. ಕೊನೆಗೆ ಅಲ್ಲಿಯ ಒಬ್ಬ ತರುಣ ಎಂಜಿನಿಯರ್ ತನ್ನ ಮ್ಯಾನೇಜರನ್ನು ಒಪ್ಪಿಸಿ ಒಂದು ಚಿಕ್ಕ ಪುಸ್ತಕ ಕೊಡಿಸಿದರು. ಲೋಹದ ತುಂಡನ್ನು ತಿರುಗಿಸಿ ಕಡೆಯುವ ಹೊಸ ಲೇತ್ ಯಂತ್ರವನ್ನು ಕೂರಿಸುವುದು, ನಡೆಸುವುದು, ರಿಪೇರಿ ಮಾಡುವುದು ಹೇಗೆಂದು ತಿಳಿಸುವ ಹದಿನಾರು ಪುಟಗಳ ಕೈಪಿಡಿ. ಯಂತ್ರಗಳು ಶನಿವಾರ ಹರಿಹರ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ಏರಬೇಕು, ಪ್ರತಿ ಯಂತ್ರದ ಪೆಟ್ಟಿಗೆಯಲ್ಲೂ ಒಂದೊಂದು ಪುಸ್ತಕ ಇರಬೇಕು. ಚೆನ್ನಾಗಿ ಬಂದರೆ ಮುಂದಿನ ಪುಸ್ತಕಗಳೂ ನಮಗೆ. ಕೆಟ್ಟರೆ ಮತ್ತೆ ಬೊಂಬಾಯಿ. ಎಂಜಿನಿಯರ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಎಂಟು ಪುಟ ಒಂದೇ ಸಲ ಅಚ್ಚಾಗುತ್ತಿತ್ತು. ಮೊದಲ ಎಂಟು ಪುಟ ಮುಗಿಸಿ, ಆ ಸೀಸದ ಅಕ್ಷರದ ಮೊಳೆಗಳನ್ನು ಬಿಚ್ಚಿ ಗೂಡುಗಳಿಗೆ ಹಂಚಿ, ಅವುಗಳಲ್ಲೇ ಉಳಿದ ಎಂಟು ಪುಟ ಜೋಡಿಸಬೇಕು. ನಮ್ಮಲ್ಲಿ ಇಂಗ್ಲಿಷ್ ಮೊಳೆ ಇದ್ದದ್ದೇ ಅಷ್ಟು.

ಕರಡು ನೋಡುವ ಪದ್ಧತಿ ಹೀಗಿತ್ತು. ನಿವೃತ್ತರಾದ ಇಂಗ್ಲಿಷ್ ಮೇಷ್ಟ್ರೊಬ್ಬರು ಎದುರು ಕೂತು ಗಿರಾಕಿಯ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕಾಮಾ, ಫುಲ್‌ಸ್ಟಾಪ್‌ಗಳನ್ನೂ ಬಿಡದೆ ಓದುತ್ತಿದ್ದರು. ನಾನು ಕರಡಿನ ಮೇಲೆ ಕಣ್ಣಿಟ್ಟು ಗುರುತು ಹಾಕುತ್ತಿದ್ದೆ. ಅನುಮಾನ ಬಂದರೆ ಮೂಲ ಪ್ರತಿ ನೋಡುವುದು, ಅದರಲ್ಲಿ ಇದ್ದಂತೆ ಬಿಡುವುದು. ಗಿರಾಕಿ ಬರೆದದ್ದನ್ನು ಮುಟ್ಟಬಾರದು ಎಂಬುದು ಪ್ರೆಸ್ಸಿನ ಕಟ್ಟಳೆ. ಲಗ್ನಪತ್ರಿಕೆಯಲ್ಲಿ ಮಾವನ ಹೆಸರು ಹೇಗೆ ಬರೆದಿದ್ದರೆ ಹಾಗೆ. ಅದೇ ಕಟ್ಟಳೆ ಲೇತ್ ಪುಸ್ತಕಕ್ಕೂ ನಡೆಯಿತು.

ಬುಧವಾರ ಬೆಳಿಗ್ಗೆ ಎರಡನೆಯ ಎಂಟು ಪುಟಗಳ ಕರಡನ್ನು ಮೇಷ್ಟ್ರೂ ನಾನೂ ಓದಿ ಮುಗಿಸಿದೆವು. ಪುಸ್ತಕ ಹೇಗೆ ಕಾಣುತ್ತದೆಂದು ನೋಡುವ ಆಸೆಯಿಂದ ಸಾವ್ಕಾರರು ಆಗಲೇ ಅಚ್ಚಾಗಿದ್ದ ಮೊದಲ ಎಂಟು ಪುಟಗಳ ಹಾಳೆಯನ್ನೂ ಈ ಕರಡನ್ನೂ ಮಡಿಸಿ ಒಟ್ಟಿಗೆ ಸೇರಿಸಿ ನನ್ನ ಮುಂದೆ ಹಿಡಿದರು. ಎಂಟನೇ ಪುಟ ಎಡಕ್ಕೆ, ಒಂಬತ್ತನೇ ಪುಟ ಬಲಕ್ಕೆ ಬಂದವು. ಎಡಗಡೆ ‘ಸೆಂಟರ್’ ಪದ ‘ಆರ್-ಇ’ ಎಂದು ಮುಗಿದಿತ್ತು. ಬಲಗಡೆ ‘ಇ-ಆರ್’ ಎಂದು. ನನ್ನ ಕೈ ಎರಡೂ ಕಡೆಯ ಪುಟಗಳನ್ನು ತಿರುವತೊಡಗಿತು. ನಟ್ಟು ಬಿಗಿಯುವ ಒಂದೇ ಸಾಮಾನಿಗೆ ಎಡಗಡೆ ಸ್ಪ್ಯಾನರ್, ಬಲಗಡೆ ರೆಂಚ್. ಎಡಗಡೆ ಅಲ್ಯುಮಿನಿಯಂ, ಬಲಗಡೆ ಅದರಲ್ಲೊಂದು ‘ಐ’ ಇಲ್ಲ. ಬಣ್ಣವೆನ್ನುವ ಕಲರ್ ಪದಕ್ಕೆ ಎಡಗಡೆ ‘ಯು’ ಇದೆ, ಬಲಗಡೆ ಇಲ್ಲ. ಎಡಗಡೆ ಷಾಕ್ ತಗಲದಂತೆ ಯಂತ್ರಕ್ಕೆ ‘ಅರ್ತ್’ ತಂತಿ ಕೊಡಿ ಎಂದಿತ್ತು, ಬಲಗಡೆ ಅದೇ ತಂತಿಗೆ ‘ಗ್ರೌಂಡ್’ ಎಂದಿತ್ತು.

ಮೂಲ ಪ್ರತಿಗಳನ್ನು ತರಿಸಿದೆ. ಮೊದಲರ್ಧವನ್ನು ಕಾರ್ಖಾನೆಯ ಹಿರಿಯ ಅಧಿಕಾರಿಯೊಬ್ಬರು ಕೈಯಲ್ಲಿ ಬರೆದಿದ್ದರು. ಅವರು ಬ್ರಿಟಿಷರ ಕಾಲದ ರೈಲ್ವೆ ವರ್ಕ್‌ಶಾಪಿನಲ್ಲಿ ಪಳಗಿದವರು. ಉಳಿದರ್ಧ ಟೈಪಾಗಿತ್ತು. ಅದನ್ನು ಬರೆದದ್ದು ಅಮೆರಿಕದಲ್ಲಿ ಎರಡು ವರ್ಷ ತರಬೇತಿ ಪಡೆದು ಬಂದ ನಮ್ಮ ತರುಣ ಎಂಜಿನಿಯರೇ. ನಮ್ಮವರು ಎರಡನ್ನೂ ಅಕ್ಷರಶಃ ಜೋಡಿಸಿದ್ದರು. ಕರಡಿನಲ್ಲಿ ಒಂದೂ ತಪ್ಪಿರಲಿಲ್ಲ. ಪುಸ್ತಕ ಮಾತ್ರ ಬ್ರಿಟಿಷ್ ಇಂಗ್ಲಿಷಿನದೊಂದು, ಅಮೆರಿಕದ್ದೊಂದು ಎಂದು ಎರಡಾಗಿತ್ತು.

“ಮೇಷ್ಟ್ರೇ, ನೀವು ಓದೋವಾಗ ಕಾಣ್ಲಿಲ್ವಾ?” ಎಂದರು ಸಾವ್ಕಾರರು.

“ಕಂಡಿತ್ರಿ. ಹುಡುಗರು ಹಿಂಗ ಬರೆದಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಗಿರಾಕಿನ ಹೆಂಗ ನಿಲ್ಲಿಸ್ಲಿ?” ಎಂದರು ಮೇಷ್ಟ್ರು.

ಬಾಯಲ್ಲಿ ಓದಿದರೆ ಎರಡೂ ಒಂದೇ ಸೆಂಟರ್. ಕಿವಿ ಅದನ್ನು ಹಿಡಿಯುವುದಿಲ್ಲ. ಒಂದು ವಾರದ ಅಂತರದಲ್ಲಿ ನೋಡಿದ ನನ್ನ ಕಣ್ಣೂ ಹಿಡಿಯಲಿಲ್ಲ.

ಸಾವ್ಕಾರರು ಕರಡನ್ನು ನನ್ನತ್ತ ತಳ್ಳಿದರು. “ಆ ಸೆಂಟರ್ ಪದ ಒಂದನ್ನ ತಿದ್ದಿ ಮಿಷನ್ನಿಗೆ ಹಾಕ್ರಿ. ಎದುರುಬದುರು ಇರೋದು ಅಷ್ಟೇ ಅಲ್ಲೇನು? ಮಿಕ್ಕಿದ್ದು ಯಾರು ನೋಡ್ತಾರ?”

“ಮ್ಯಾನೇಜರ್ ನೋಡ್ತಾರೆ. ಲೇತ್ ಕೊಂಡ ಫಿಟ್ಟರೂ ನೋಡ್ತಾನೆ. ಸ್ಪ್ಯಾನರ್ ಬೇರೆ, ರೆಂಚ್ ಬೇರೆ ಅಂತ ಎರಡು ಸಾಮಾನು ಹುಡುಕ್ತಾನೆ” ಎಂದೆ.

ಬೆಂಗಳೂರಿನ ಡೆಸ್ಕಿನಲ್ಲಿ ಕಲಿತ ಮೊದಲ ಪಾಠ ಇದೇ ಆಗಿತ್ತು. ಎರಡು ರೀತಿಯೂ ಸರಿಯಾಗಿದ್ದಾಗ, ಯಾವುದು ಸರಿ ಎಂದು ಜಗಳವಾಡಬೇಡ. ಒಂದನ್ನು ಆರಿಸು, ಕೊನೆಯವರೆಗೂ ಬಿಡಬೇಡ. ಆದರೆ ಈ ಆಯ್ಕೆ ನಮ್ಮದಲ್ಲ, ಪುಸ್ತಕ ಕಾರ್ಖಾನೆಯದು. ಬ್ರಿಟಿಷ್ ರೀತಿ ಆರಿಸಿದರೆ ಜೋಡಿಸಿಟ್ಟ ಎಂಟು ಪುಟ ತಿದ್ದಬೇಕು. ಅಮೆರಿಕದ್ದು ಆರಿಸಿದರೆ ಅಚ್ಚಾದ ಹಾಳೆಗಳನ್ನೆಲ್ಲ ಪೊಟ್ಟಣ ಕಟ್ಟಲು ಮಂಡಕ್ಕಿ ಅಂಗಡಿಗೆ ಹಾಕಬೇಕು. ಮತ್ತೆ ಜೋಡಿಸಿ ಅಚ್ಚು ಹಾಕಲು ಶನಿವಾರದೊಳಗೆ ಸಾಧ್ಯವೇ ಇರಲಿಲ್ಲ.

ಸಾವ್ಕಾರರೂ ನಾನೂ ಹರಿಹರದ ಬಸ್ಸು ಹತ್ತಿದೆವು. ದಾರಿಯ ಬಾತಿ ಊರು ದಾಟುವ ಹೊತ್ತಿಗೆ ನಾನು ಬದಲಾಗಬೇಕಾದ ಪದಗಳನ್ನೆಲ್ಲ ಕರಡಿನ ಅಂಚಿನಲ್ಲಿ ಗುರುತಿಸಿ ಮುಗಿಸಿದ್ದೆ. ಹೆದರಿಕೆಯಲ್ಲ, ದೊಡ್ಡ ಸುದ್ದಿಯ ದಿನ ಡೆಸ್ಕಿನಲ್ಲಿ ಆಗುತ್ತಿದ್ದಂಥ ಹುರುಪು ನನಗೆ ಬಂದಿತ್ತು. ಸಾವ್ಕಾರರು ಮಾತ್ರ ದಾರಿಯುದ್ದಕ್ಕೂ “ಬೊಂಬಾಯಿಯೋರು ನಗ್ತಾರ” ಎನ್ನುತ್ತಿದ್ದರು.

ಎಂಜಿನಿಯರ್ ಎರಡು ಪುಟಗಳನ್ನೂ ನೋಡಿ ನಕ್ಕರು. “ಹೊಸ ಮಷೀನಿಗೆ ಹೊಸ ಇಂಗ್ಲಿಷ್ ಇರ್ಲಿ ಬಿಡ್ರಿ. ನಮ್ಮ ಹಿರಿಯ ಅಧಿಕಾರಿಗಳ ಭಾಗನೂ ಅಮೆರಿಕನ್ ಮಾಡಿಬಿಡ್ರಿ. ಅಕ್ಷರ ಕಡಿಮೆ, ನಿಮಗೂ ಕೆಲಸ ಕಡಿಮೆ.”

ಸಾವ್ಕಾರರು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಅಚ್ಚಾದ ಹಾಳೆಗಳ ಕಟ್ಟು ಅವರ ಕಣ್ಣ ಮುಂದೆ ಬಂದಿರಬೇಕು.

ನಾನು ಒಂದೇ ಪ್ರಶ್ನೆ ಕೇಳಿದೆ. “ಈ ಪುಸ್ತಕ ಯಾರ ಕೈಗೆ ಹೋಗುತ್ತೆ ಸಾರ್?”

“ಮಿಲ್ಲುಗಳು, ರೈಲ್ವೆ ವರ್ಕ್‌ಶಾಪು, ಟೆಕ್ನಿಕಲ್ ಶಾಲೆ.”

“ಅವರು ಸಾಮಾನಿನ ಸ್ಟೋರಿಗೆ ಹೋಗಿ ಏನು ಕೇಳ್ತಾರೆ?”

“ಸ್ಪ್ಯಾನರ್ ಅಂತಾರೆ. ಆದರೆ ಅದೊಂದಕ್ಕೇ…”

“ಯಂತ್ರದ ಮೇಲೆ ಏನು ಬರೆದಿದೆ?” ಎಂದೆ.

ಅವರು ಎದ್ದರು. “ನೋಡೇ ಬಿಡೋಣ ಬರ್ರಿ” ಎಂದರು. ಮೂವರೂ ಷೆಡ್ಡಿಗೆ ಬಹುತೇಕ ಓಡಿಯೇ ಹೋದೆವು. ಬೂದು ಬಣ್ಣ ಬಳಿದ ಲೇತ್‌ಗಳು ಸಾಲಾಗಿ ನಿಂತಿದ್ದವು. ಕೆಲವಕ್ಕೆ ಆಗಲೇ ಮರದ ಪೆಟ್ಟಿಗೆ ಹೊಡೆಯುತ್ತಿದ್ದರು. ಮುಂಭಾಗಕ್ಕೆ ಬಿಗಿದ ಫಲಕದಲ್ಲಿ ಉಬ್ಬಕ್ಷರಗಳಲ್ಲಿ ‘ಸೆಂಟರ್ ಲೇತ್’ ಎಂದಿತ್ತು. ಕೊನೆಗೆ ‘ಆರ್-ಇ’. ಎಂಜಿನಿಯರ್ ಅದರ ಮೇಲೆ ಬೆರಳಾಡಿಸಿದರು.

“ಅಮೆರಿಕದಲ್ಲಿ ಇದನ್ನ ಸೆಂಟರ್ ಲೇತ್ ಅಂತಲೇ ಅನ್ನಲ್ಲ, ಎಂಜಿನ್ ಲೇತ್ ಅಂತಾರೆ. ನನ್ನ ಭಾಗದಾಗ ನಾನೂ ಹಂಗೇ ಬರೆದೀನಿ.”

“ಹಂಗಾದ್ರೆ ಕೊಂಡೋರು ಕೇಳ್ತಾರ, ಇದರಾಗ ಎಂಜಿನ್ ಎಲ್ಲೈತಪಾ ಅಂತ!” ಎಂದರು ಸಾವ್ಕಾರರು. ಅವರಿಗೆ ಜೀವ ಬಂದಿತ್ತು.

ಎಂಜಿನಿಯರ್ ಜೋರಾಗಿ ನಕ್ಕು ಪೆನ್ನು ತೆಗೆದರು. ಕರಡಿನ ಮೇಲೆ ನಿಂತಲ್ಲೇ ನಿರ್ಧಾರವಾಯಿತು. ಬ್ರಿಟಿಷ್ ಕಾಗುಣಿತ, ಇಲ್ಲಿನ ವರ್ಕ್‌ಶಾಪಿನ ಪದಗಳು, ಹದಿನಾರು ಪುಟಕ್ಕೂ ಒಂದೇ. ಒಂದು ವಿನಾಯಿತಿ ನಾನೇ ಕೇಳಿದೆ. ಯಂತ್ರದ ಮೋಟಾರು ಹೊರದೇಶದಿಂದ ಬಂದದ್ದು, ಅದರ ತಂತಿ ಕಟ್ಟುವ ಜಾಗದಲ್ಲಿ ‘ಗ್ರೌಂಡ್’ ಎಂದೇ ಕೆತ್ತಿತ್ತು. ಯಂತ್ರದ ಮೇಲಿರುವ ಮಾತನ್ನು ಪುಸ್ತಕ ಬದಲಿಸಬಾರದು. ಹಾಗಾಗಿ ಅದನ್ನು ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಇಟ್ಟು, ಇದೇ ಅರ್ತ್ ಎಂದು ಒಂದು ಸಾಲು ಸೇರಿಸಿದೆವು.

“ಶನಿವಾರಕ್ಕ ಆಗ್ತದಾ?” ಎಂದು ಎಂಜಿನಿಯರ್ ಕೇಳಿದರು.

“ಆಗ್ತದ” ಎಂದರು ಸಾವ್ಕಾರರು, ನನ್ನ ಮುಖ ನೋಡದೆ.

ಪ್ರೆಸ್ಸಿನಲ್ಲಿ ದಿನದ ಕೆಲಸ ಬರೆಯುವ ಕರಿಹಲಗೆ ಇತ್ತು. ಅದನ್ನು ಒರೆಸಿ ಆರಿಸಿದ ಪದಗಳನ್ನೆಲ್ಲ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ. ನಮ್ಮ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹಿರಿಯರು ಹಲಗೆಯನ್ನು ನೋಡುತ್ತಾ ಚಿಮಟ ಹಿಡಿದು ಕೂತರು. ಸೆಂಟರ್ ಸುಲಭ, ಎರಡು ಮೊಳೆ ಅದಲು ಬದಲು ಮಾಡಿದರೆ ಆಯಿತು, ಸಾಲು ಅಲುಗುವುದಿಲ್ಲ. ಒಂದು ಅಕ್ಷರ ಸೇರುವ ಪದಗಳು ಕಷ್ಟ. ಸಾಲು ಬಿಚ್ಚಿ, ಪದಗಳ ನಡುವಿನ ಖಾಲಿ ಮೊಳೆಗಳನ್ನು ತೆಗೆದು ತೆಳ್ಳಗಿನವನ್ನು ಹಾಕಿ ಜಾಗ ಹೊಂದಿಸಬೇಕು. ಹೊಂದದಿದ್ದರೆ ಕೊನೆಯ ಪದ ಮುಂದಿನ ಸಾಲಿಗೆ ಬೀಳುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಅಲ್ಯುಮಿನಿಯಂನ ಒಂದು ‘ಐ’ ಇಡೀ ಪ್ಯಾರಾವನ್ನು ಮತ್ತೆ ಕಟ್ಟಿಸಿತು.

“ಇಂಗ್ಲಿಷರು ದೇಶ ಬಿಟ್ಟು ಹೋದ್ರು, ಅವರ ಯು ಮಾತ್ರ ನನ್ನ ತಲಿ ಮ್ಯಾಲ ಬಿಟ್ಟು ಹೋದ್ರು” ಎಂದು ಹಿರಿಯರು ಗೊಣಗಿದರು. ಮೇಷ್ಟ್ರು ಗೂಡಿನಿಂದ ‘ಯು’ಗಳನ್ನು ಆರಿಸಿ ಅವರ ಅಂಗೈಗೆ ಹಾಕುತ್ತಾ, “ತಗೊಳ್ರಿ, ಪ್ರಸಾದ” ಎಂದರು. ಎಲ್ಲರೂ ನಕ್ಕರು, ಯಾರ ಕೈಯೂ ನಿಲ್ಲಲಿಲ್ಲ. ಸಾವ್ಕಾರರು ಮಂಡಕ್ಕಿ, ಮೆಣಸಿನಕಾಯಿ ಬಜಿ ತರಿಸಿದರು. ಎಣ್ಣೆ ಕೈ ಹಾಳೆಗೆ ಸೋಕಬಾರದೆಂದು ತಾವೇ ಎಲ್ಲರ ಕೈಗೂ ನೀರು ಹಾಕಿದರು.

ಕರಡು ಓದುವ ಪದ್ಧತಿಯನ್ನೂ ಅಂದೇ ಬದಲಿಸಿದೆವು. ಹಲಗೆಯ ಮೇಲಿನ ಪದ ಬಂದಾಗಲೆಲ್ಲ ಮೇಷ್ಟ್ರು ನಿಲ್ಲಿಸಿ ಅಕ್ಷರ ಅಕ್ಷರವಾಗಿ ಹೇಳಬೇಕು. ಅವರು ತರಗತಿಯಲ್ಲಿದ್ದಂತೆ ಕೂಗುತ್ತಿದ್ದರು. ಆಮೇಲೆ ಇಬ್ಬರೂ ಮೂಲ ಪ್ರತಿಯನ್ನು ಪಕ್ಕಕ್ಕಿಟ್ಟು, ಹದಿನಾರು ಪುಟವನ್ನೂ ಒಂದೇ ಪುಸ್ತಕವೆಂದು ಇನ್ನೊಮ್ಮೆ ಓದಿದೆವು. ಆ ಓದಿನಲ್ಲಿ ಉಳಿದಿದ್ದ ಒಂದು ರೆಂಚ್ ಸಿಕ್ಕಿತು. ಮೇಷ್ಟ್ರು ಅದನ್ನು ಕಳ್ಳ ಸಿಕ್ಕಂತೆ ಕುರ್ಚಿಯಿಂದ ಎದ್ದು ತೋರಿಸಿದರು.

ಶನಿವಾರ ಬೆಳಿಗ್ಗೆ ಹೊಲಿದ ಪುಸ್ತಕಗಳ ಕಟ್ಟುಗಳ ಜೊತೆ ಸಾವ್ಕಾರರು ಬಾಡಿಗೆ ಕಾರಿನಲ್ಲಿ ಹರಿಹರಕ್ಕೆ ಹೋದರು. ವಾಪಸು ಬಂದು ಅಲ್ಲಿಯದನ್ನೆಲ್ಲ ಹೇಳಿದರು. ಪೆಟ್ಟಿಗೆಗಳ ಮುಚ್ಚಳ ಪುಸ್ತಕಕ್ಕಾಗಿಯೇ ತೆರೆದಿತ್ತಂತೆ. ಮ್ಯಾನೇಜರ್ ಒಂದು ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ತಿರುವಿದರಂತೆ, ಮತ್ತೆ ಮಧ್ಯಕ್ಕೆ ಬಂದು ನಿಂತರಂತೆ.

“ಆಮ್ಯಾಲೆ ಏನಂದ್ರು?” ಎಂದು ಎಲ್ಲರೂ ಒಟ್ಟಿಗೆ ಕೇಳಿದೆವು.

“ಏನಂದ್ರಾ? ಇದು ಬೊಂಬಾಯಿದೇನ್ರಿ ಅಂತ ನಮ್ಮ ಎಂಜಿನಿಯರನ್ನ ಕೇಳಿದ್ರು!” ಸಾವ್ಕಾರರು ಬಗಲಲ್ಲಿದ್ದ ದಪ್ಪ ಕಟ್ಟೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಮುಂದಿನ ಯಂತ್ರದ ಪುಸ್ತಕದ ಮೂಲ ಪ್ರತಿ. ಅರ್ಧ ಕೈಬರಹ, ಅರ್ಧ ಟೈಪು.

ಮೊಳೆ ಜೋಡಿಸುವ ಹಿರಿಯರು ಒದ್ದೆ ಬಟ್ಟೆ ಹಿಡಿದು ಹಲಗೆ ಒರೆಸಲು ಹೊರಟಿದ್ದರು. ಸಾವ್ಕಾರರು ಕೂಗಿದರು, “ಏ, ಬ್ಯಾಡ, ಮುಟ್ಟಬ್ಯಾಡ್ರಿ ಅದನ್ನ! ದಿನದ ಕೆಲಸ ಬರಿಯಾಕ ಬ್ಯಾರೆ ಹಲಗಿ ತರ್ತೀನಿ.”