ಶಿವಕುಮಾರಿಯ ತೆರೆದ ಕಣ್ಣು

ತುರ್ವಿಹಾಳದ ಶಿವಕುಮಾರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ರೆಪ್ಪೆಗಳೂ ತೆರೆಯುವುದಿಲ್ಲ. ಇದು ಊರಿಗೆಲ್ಲ ಗೊತ್ತು, ಅವಳ ಅಂಗವೈಕಲ್ಯ ಕಾರ್ಡಿನಲ್ಲಿಯೂ ಅಚ್ಚಾಗಿದೆ. ಗೊತ್ತಿಲ್ಲದ್ದು ನೌಕರಿ ಅರ್ಜಿಯ ಪೋರ್ಟಲ್‌ಗೆ ಮಾತ್ರ. ಆ ನೌಕರಿಯಾದರೋ ಅಂಧರಿಗೇ ಮೀಸಲಿಟ್ಟದ್ದು, ಒಂದು ನಿಗಮದ ಕಿರಿಯ ಸಹಾಯಕರ ಹುದ್ದೆ. ಪದವಿ ಮುಗಿಸಿ ವರ್ಷಗಟ್ಟಲೆ ಕಾದ ಅವಳ ವಯೋಮಿತಿ ಎರಡೇ ತಿಂಗಳಲ್ಲಿ ಮುಗಿಯುತ್ತಿತ್ತು. ಇದು ಕೈತಪ್ಪಿದರೆ ಇನ್ನೊಂದಿಲ್ಲ.

ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿದೆ. ಮೌಸ್ ಮುಟ್ಟದೆ, ಬರೀ ಕೀಲಿಗಳನ್ನು ಒತ್ತುತ್ತ, ಕಣ್ಣಿದ್ದವರು ಕನ್ನಡಕ ಒರೆಸಿಕೊಳ್ಳುವುದರೊಳಗೆ ಒಂದು ಪುಟ ತುಂಬಿಬಿಡುತ್ತಾಳೆ. ಆದರೆ ಈ ಪೋರ್ಟಲ್ ಕಟ್ಟಿದ ಪುಣ್ಯಾತ್ಮರು ಗುಂಡಿಗಳಿಗೆ ಹೆಸರನ್ನೇ ಕೊಟ್ಟಿರಲಿಲ್ಲ. ‘ಬಟನ್, ಬಟನ್, ಬಟನ್’ ಎಂದು ತಂತ್ರಾಂಶ ಒದರಿತು. ಒಂದು ಉಳಿಸುವ ಗುಂಡಿ, ಒಂದು ಅಳಿಸುವ ಗುಂಡಿ. ಎರಡು ಸಲ ಎಲ್ಲವನ್ನೂ ಅಳಿಸಿಕೊಂಡ ಮೇಲೆ ಯಾವುದು ಯಾವುದೆಂದು ಬಾಯಿಪಾಠವಾಯಿತು. ಹುಟ್ಟಿದ ದಿನಾಂಕಕ್ಕೆ ಮೌಸಿನಿಂದಲೇ ತೆರೆಯುವ ಕ್ಯಾಲೆಂಡರು. ಕೊನೆಗೆ ಚಿತ್ರದಲ್ಲಿನ ಅಕ್ಷರ ನೋಡಿ ಬರೆಯಬೇಕೆಂಬ ಕ್ಯಾಪ್ಚಾ. ಕೇಳಿ ಬರೆಯುವ ಸೌಲಭ್ಯವಿಲ್ಲ. ಅಂಧರ ಹುದ್ದೆಗೆ ನೋಡಿ ಬರೆಯಬೇಕಂತೆ. ಎರಡಕ್ಕೂ ತಂಗಿ ಜಯಶ್ರೀಯನ್ನು ಕರೆದಳು.

ಅಷ್ಟಾದರೂ ಫೋಟೋ ಮಾತ್ರ ಒಳಗೆ ಹೋಗಲೊಲ್ಲದು. ‘ಕಣ್ಣುಗಳು ತೆರೆದಿರುವ ಭಾವಚಿತ್ರ ಹಾಕಿರಿ’ ಎಂದು ಪೋರ್ಟಲ್ ನಾಲ್ಕು ಸಲ ಹೇಳಿತು. ಸಹಾಯವಾಣಿಗೆ ಫೋನ್ ಹಚ್ಚಿದಳು.

“ಕೆಂಪು ಅಕ್ಷರದಾಗ ಏನು ಬಂದೈತಿ ನೋಡಿ ಹೇಳ್ರಿ ಮೇಡಂ,” ಅಂದ ಆ ಕಡೆಯವನು.

“ನೋಡಾಕ ಬರಲ್ಲಂತ ಹೇಳಾಕನ ಫೋನ್ ಮಾಡೀನ್ರಿ,” ಅಂದಳು. ಅವನು ದೂರಿನ ಸಂಖ್ಯೆ ಕೊಟ್ಟು ಧನ್ಯವಾದ ಹೇಳಿದ.

ಮರುದಿನವೇ ಕೊನೆಯ ದಿನಾಂಕ. ಬೆಳಿಗ್ಗೆ ಅಕ್ಕತಂಗಿಯರು ಬಸ್ ಹಿಡಿದು ಸಿಂಧನೂರಿನ ಮುಷರಫ್‌ನ ಸ್ಟುಡಿಯೋಗೆ ಹೋದರು. ಮದುವೆಯ ಗುಂಪು ಫೋಟೋದಲ್ಲಿ ಯಾವ ಬೀಗರು ಕಣ್ಣು ಮುಚ್ಚಿದ್ದರೂ ಕಂಪ್ಯೂಟರಿನಲ್ಲಿ ತೆರೆಸಿ ಕೊಡುವುದರಲ್ಲಿ ಅವನದು ಎತ್ತಿದ ಕೈ. “ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಪೋರ್ಟಲ್ ಒಪ್ಪೋ ಹಂಗ ಮಾಡಿ ಕೊಡ್ತೀನಿ,” ಎಂದ. ಬೆಳಕು ಸರಿಮಾಡಿ ತೆಗೆದರೆ ಪೋರ್ಟಲ್ ಒಪ್ಪೀತೆಂದುಕೊಂಡು ಶಿವಕುಮಾರಿ ಕ್ಯಾಮೆರಾದ ಮುಂದೆ ಕೂತಳು.

ಫೋಟೋ ಮೊದಲ ಸಲಕ್ಕೇ ಒಳಗೆ ಹೋಯಿತು. ಕಳಿಸುವ ಮುನ್ನ ಅವಳು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಳು. ಒಂದಕ್ಷರ ತಪ್ಪಿರಲಿಲ್ಲ. ಫೋಟೋ ಇದ್ದಲ್ಲಿ ತಂತ್ರಾಂಶ ‘ಗ್ರಾಫಿಕ್’ ಎಂದಷ್ಟೇ ಹೇಳಿ ಮುಂದೆ ಹೋಯಿತು.

“ಹೆಂಗ ಬಂದೈತಿ?”

“ಭಾಳ ಚಂದ ಬಂದೈತಿ ಅಕ್ಕಾ,” ಅಂದಳು ಜಯಶ್ರೀ.

ಪದವಿಯ ಅಂಕಗಳ ಮೇಲೆ ಮಾಡಿದ ಆಯ್ಕೆ ಪಟ್ಟಿಯಲ್ಲಿ ಶಿವಕುಮಾರಿಯದೇ ಮೊದಲ ಹೆಸರು. ಲಿಂಗಸುಗೂರಿನ ಕಚೇರಿಯೊಂದಕ್ಕೆ ದಾಖಲೆ ಪರಿಶೀಲನೆಗೆ ಕರೆದರು. ಪರಿಶೀಲನೆಯ ಅಧಿಕಾರಿ ಲಾಲಪ್ಪ ಅರ್ಜಿ ನೋಡಿದರು, ಅವಳನ್ನು ನೋಡಿದರು, ಪಕ್ಕದಲ್ಲಿದ್ದ ಜಯಶ್ರೀಯನ್ನು ಇನ್ನೂ ಹೊತ್ತು ನೋಡಿದರು.

“ಅರ್ಜಿ ಹಾಕಿದವರು ಯಾರ್ರೀ, ನೀವೋ ಇವರೋ? ಫೋಟೋದಾಗಿನ ಕಣ್ಣು ಇವರವು ಅದಾವಲ್ಲ.”

ಜಯಶ್ರೀ ಅಳುತ್ತ ಬಾಯಿಬಿಟ್ಟಳು. ಮುಷರಫ್ ಅವಳದೊಂದು ಫೋಟೋ ತೆಗೆದು, ಅದರ ಕಣ್ಣನ್ನು ಅಕ್ಕನ ಮುಖಕ್ಕೆ ಅಂಟಿಸಿದ್ದ. ಅಕ್ಕನಿಗೆ ನೋವಾದೀತೆಂದು ಇಬ್ಬರೂ ಹೇಳಿರಲಿಲ್ಲ. ಪೋರ್ಟಲ್ ಮೇಲೆ ಬಾರದ ಸಿಟ್ಟು ಶಿವಕುಮಾರಿಗೆ ತಂಗಿಯ ಮೇಲೆ ಬಂತು. ಇಡೀ ಅರ್ಜಿಯಲ್ಲಿ ತಾನೇ ಕೇಳಿ ಪರೀಕ್ಷಿಸಲಾಗದೆ ಅವಳು ತಂಗಿಯ ಮಾತನ್ನು ನಂಬಿದ ಜಾಗ ಅದೊಂದೇ ಆಗಿತ್ತು.

“ಫೋಟೋ ತಿದ್ದಿದ್ದಕ್ಕ ಅರ್ಜಿ ರದ್ದಾಗತೈತವಾ,” ಅಂದರು ಲಾಲಪ್ಪ, ಬೇಸರದಿಂದಲೇ.

“ರದ್ದು ಮಾಡೂಕಿಂತ ಮೊದಲ ನೀವ ಒಮ್ಮೆ ನನ್ನ ಖರೇ ಫೋಟೋ ಹಾಕಿ ನೋಡ್ರಿ ಸಾಹೇಬ್ರ.”

ಲಾಲಪ್ಪ ತಮ್ಮ ಫೋನಿನಲ್ಲೇ ಅವಳ ಫೋಟೋ ತೆಗೆದು, ಕಚೇರಿಯ ಲಾಗಿನ್‌ನಿಂದ ಹಾಕಿದರು. ಬೇಡವೆಂದಿತು. ಕಿಟಕಿಯ ಬಳಿ ನಿಲ್ಲಿಸಿ ಇನ್ನೊಂದು ತೆಗೆದರು. ಅದೂ ಬೇಡ. ಮೂರನೆಯ ಸಲಕ್ಕೆ ಲಾಗಿನ್ನೇ ಹದಿನೈದು ನಿಮಿಷ ಮುಚ್ಚಿಕೊಂಡಿತು.

ಜಿಲ್ಲಾ ಆಸ್ಪತ್ರೆಯ ಮೂವರು ಡಾಕ್ಟರು ಸಹಿ ಮಾಡಿದ ಪ್ರಮಾಣಪತ್ರ ಮೇಜಿನ ಮೇಲೆ ಬಿದ್ದಿತ್ತು. ಅದರಿಂದ ಆಗದ ಕೆಲಸ ಪೋರ್ಟಲ್‌ನಿಂದ ಆಯಿತು. ‘ಕಣ್ಣುಗಳು ತೆರೆದಿಲ್ಲ’ ಎಂಬ ಅದರ ತಿರಸ್ಕಾರವನ್ನು ಲಾಲಪ್ಪ ಪ್ರಿಂಟ್ ತೆಗೆಸಿ, ‘ಅಭ್ಯರ್ಥಿಯ ದೋಷವಿಲ್ಲ’ ಎಂದು ಬರೆದು, ಸೀಲು ಒತ್ತಿ ಕಡತಕ್ಕೆ ಸೇರಿಸಿದರು.

ಎರಡು ತಿಂಗಳಿಗೆ ನೇಮಕಾತಿ ಆದೇಶ ಬಂತು. ಶಿವಕುಮಾರಿ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕಿವಿಗೊಟ್ಟಳು. ಹೆಸರು ಸರಿ, ಹುದ್ದೆ ಸರಿ, ಮಸ್ಕಿಯ ಕಚೇರಿಯ ವಿಳಾಸವೂ ಸರಿ. ಆಮೇಲೆ ‘ಗ್ರಾಫಿಕ್’.

“ಈಗರ ಖರೇ ಹೇಳು. ಯಾವ ಫೋಟೋ ಐತಿ?”

ಜಯಶ್ರೀ ಪರದೆಗೆ ಬಾಗಿ ನೋಡಿದಳು.

“ನನ್ನ ಕಣ್ಣಿರೋ ಫೋಟೋನ ಐತಿ ಅಕ್ಕಾ. ಬದಲಿ ಮಾಡಾಕ ಸಾಹೇಬ್ರಿಗೂ ಆಗಿಲ್ಲ.”