ಮಣ್ಣೆತ್ತಿನ ಫೋಟೋ

ಬೀಳಗಿಯ ಒಂದು ಸಣ್ಣ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ನಾನು ಟೀಚರ್. ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಮಧ್ಯಾಹ್ನದ ಊಟದ ಹೊತ್ತು ನನಗೆ ದೊಡ್ಡ ಪರೀಕ್ಷೆಯಾಗಿತ್ತು. ಮಕ್ಕಳು ಡಬ್ಬಿ ತೆರೆದು ಮುಂದಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದವು. ಚಪಾತಿ ಇದೆ, ಪಲ್ಯ ಇದೆ, ಕೈ ಮಾತ್ರ ಮೇಲೇಳುವುದಿಲ್ಲ. ಒಬ್ಬ ಹುಡುಗನಿಗೆ ನಾನೇ ತುತ್ತು ಮಾಡಿ ಬಾಯಿಗೆ ಒಯ್ದರೆ ಮುಖ ತಿರುಗಿಸಿ, "ಮೊದ್ಲ ಹಚ್ರಿ" ಅಂದ. ಏನು ಹಚ್ಚಬೇಕಪ್ಪಾ ಅಂದರೆ, ಗೋಡೆಗೆ ಆನಿಸಿಟ್ಟ ನನ್ನ ಮೊಬೈಲಿಗೆ ಬೆರಳು ತೋರಿಸಿದ. ಮನೆಯಲ್ಲಿ ಅದು ಓಡುತ್ತಿದ್ದರೆ ಮಾತ್ರ ಅವನ ಬಾಯಿ ತೆರೆಯುತ್ತಿತ್ತಂತೆ.

ಹೆಡ್‌ಮಿಸ್ ಕರೆದು ಹೇಳಿದರು, "ಪಾಲಕರ ಗ್ರೂಪಿಗೆ ಒಂದು ಮೆಸೇಜ್ ಬರೀರಿ. ನಿಮ್ಮ ಭಾಷಾ ಛಲೋ ಐತಿ. ಬೈದಂಗ ಇರಬಾರ್ದು, ಮನಸ್ಸಿಗೆ ಹತ್ತಬೇಕು."

ನನ್ನ ಭಾಷೆ ನನ್ನದಲ್ಲ. ರನ್ನ ಬೆಳಗಲಿಯಲ್ಲಿ ನನ್ನ ಅಜ್ಜಿ ರೊಟ್ಟಿ ಬಡಿಯುತ್ತ ಆಡಿದ ಮಾತು, ಅವಳ ಅಕ್ಕತಂಗಿಯರು ಕಟ್ಟೆಯ ಮೇಲೆ ಕೂತು ಒಬ್ಬರ ಕಾಲು ಒಬ್ಬರು ಎಳೆದ ಮಾತು, ಅದೆಲ್ಲ ಕಿವಿಯಲ್ಲಿ ಉಳಿದು ನನ್ನ ಬಾಯಿಗೆ ಬಂದಿದೆ. ಹೊಗಳಿಸಿಕೊಳ್ಳುವಾಗ ಮಾತ್ರ ಅದು ನನ್ನದೇ ಆಗಿಬಿಡುತ್ತದೆ. ಅಂದು ಹೊಗಳಿಕೆಯ ಬಿಸಿಯಲ್ಲೇ ಕೂತು ಬರೆದೆ.

ಈ ವಯಸ್ಸಿನ ಮಕ್ಕಳಿಗೆ ಮೊಬೈಲು, ಟಿವಿ ಎಲ್ಲ ಸೇರಿ ದಿನಕ್ಕೆ ಒಂದು ತಾಸು ದಾಟಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನೋಡುವಾಗ ದೊಡ್ಡವರು ಪಕ್ಕದಲ್ಲಿ ಕೂತು ಮಾತಾಡಿಸುತ್ತಿರಲಿ. ಊಟಕ್ಕೆ ಕೂತಾಗ ಬೇಡ, ಮಲಗುವ ಮುಂಚಿನ ಒಂದು ತಾಸು ಬೇಡ. ಒಮ್ಮೆಲೇ ಕಸಿದುಕೊಳ್ಳಬೇಡಿ, ಇದೊಂದು ಮುಗಿದ ಮೇಲೆ ಇಡೋಣ ಎಂದು ಮೊದಲೇ ಹೇಳಿ, ಮುಗಿದ ಮೇಲೆ ಕೈಗೆ ಬೇರೆ ಕೆಲಸ ಕೊಡಿ. ಮಗು ಅತ್ತರೆ ಗಾಬರಿಯಾಗಬೇಡಿ, ನಾಲ್ಕು ದಿನದಲ್ಲಿ ಅಳು ಇಳಿಯುತ್ತದೆ. ಎಲ್ಲಕ್ಕಿಂತ ಮೊದಲು, ನಿಮ್ಮ ಮೊಬೈಲು ಕೆಳಗಿಡಿ.

ಆಮೇಲೆ ಶನಿವಾರ, ಭಾನುವಾರಕ್ಕೆ ಕೆಲಸಗಳು. ಒಗೆದ ಬಟ್ಟೆ ಮಡಚುವುದು. ಜೋಡಿ ಚಪ್ಪಲಿ ಹುಡುಕುವುದು. ಕಡಲೆ, ಅವರೆ ಕಲಸಿ ಕೊಟ್ಟು ಬೇರೆ ಮಾಡಿಸುವುದು, ಆದರೆ ಮೂಗಿಗೆ ಕಿವಿಗೆ ತುರುಕಿಕೊಳ್ಳದಂತೆ ಎದುರಿಗೇ ಕೂತು. ಗಿಡಕ್ಕೆ ತಂಬಿಗೆಯಿಂದ ನೀರು. ಎಲೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತುವುದು. ಅಜ್ಜಿಯಿಂದ ಒಂದು ಕಥೆ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು, ಅದಕ್ಕೇ ಒಂದು ಜೋಡಿ ಮಣ್ಣೆತ್ತು ಮಾಡಿಸಿರಿ, ಜೋಳದ ಕಾಳು ಒತ್ತಿ ಕಣ್ಣು ಮಾಡಿಸಿರಿ ಎಂದೂ ಸೇರಿಸಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಓದಿ ನೋಡಿದ ಹೆಡ್‌ಮಿಸ್, "ಮಾಡ್ಯಾರೋ ಇಲ್ಲೋ ನಮಗ ಹೆಂಗ ಗೊತ್ತಾಗಬೇಕು?" ಅಂದರು. ನಾನು ಹಿಂದುಮುಂದು ನೋಡದೆ ಕೊನೆಗೊಂದು ಸಾಲು ಜೋಡಿಸಿದೆ: "ಭಾನುವಾರ ಸಂಜೆಯೊಳಗೆ ಫೋಟೋ ಅಥವಾ ವಿಡಿಯೋ ಗ್ರೂಪಿಗೆ ಹಾಕಿ. ಚಂದದ ಫೋಟೋಕ್ಕೆ ಸೋಮವಾರ ಇಡೀ ಕ್ಲಾಸಿನ ಚಪ್ಪಾಳೆ!"

ಮೊಬೈಲು ಕೆಳಗಿಡಿ ಎಂದು ಮೇಲೆ ಬರೆದವಳೂ ನಾನೇ, ಎತ್ತಿಕೊಳ್ಳಿ ಎಂದು ಕೆಳಗೆ ಬರೆದವಳೂ ನಾನೇ. ಆಗ ಅದು ಕಣ್ಣಿಗೇ ಬೀಳಲಿಲ್ಲ. ಮೆಸೇಜು ಮಾತ್ರ ಓಡಿತು. ಜಮಖಂಡಿಯಲ್ಲಿ ಟೀಚರಾಗಿರುವ ನನ್ನ ಗೆಳತಿಗೆ ಬೇರೆ ಯಾರೋ ಕಳಿಸಿ, ಆಕೆ ಅದನ್ನು ತಿರುಗಿ ನನಗೇ ಕಳಿಸಿ, "ಎಷ್ಟ ಛಲೋ ಬರದಾರ ನೋಡ, ನೀನೂ ಹಿಂಗ ಬರಿ" ಅಂದಳು. ನಾನು ಉಬ್ಬಿಹೋದೆ.

ಭಾನುವಾರ ನನ್ನ ಮೊಬೈಲು ಒಂದೇ ಸಮ ಗುಂಯ್‌ಗುಡುತ್ತಿತ್ತು. ಬಟ್ಟೆ ಮಡಚುವ ಮಕ್ಕಳು ಹಬ್ಬದ ಅಂಗಿಯಲ್ಲಿದ್ದರು. ಒಂದು ವಿಡಿಯೋದಲ್ಲಿ ತಾಯಿಯ ದನಿ ಮಾತ್ರ ಕೇಳುತ್ತಿತ್ತು, "ಏ, ನೀರ ಮತ್ತೊಮ್ಮಿ ಹಾಕ, ಬರಲಿಲ್ಲ ಅದು. ನಗು, ನಗು ಬೇ." ಗಿಡ ಆಗಲೇ ನೀರಿನಲ್ಲಿ ಮುಳುಗಿತ್ತು. ಒಬ್ಬ ಹುಡುಗನ ಅಜ್ಜ ದನಿಯ ಮೆಸೇಜ್ ಹಾಕಿದ್ದರು: "ಅಕ್ಕಾರ, ಮಗ-ಸೊಸಿ ಇಬ್ರೂ ಮುಂಜಾನಿಂದ ಮೊಬೈಲ್ ಹಿಡ್ಕೊಂಡ ಹುಡುಗನ ಬೆನ್ನ ಹತ್ಯಾರ. ಹುಡುಗ ಬಿಟ್ಟಾನ, ಇವರಿಗೆ ಬಿಡಸೂದು ಹೆಂಗ ಹೇಳ್ರಿ." ನಗುವ ಗೊಂಬೆಗಳ ಸಾಲೇ ಅದರ ಕೆಳಗೆ ಬಿತ್ತು. ನಾನೂ ಒಂದು ಒತ್ತಿದೆ.

ಎಲ್ಲಕ್ಕಿಂತ ಚಂದದ ಫೋಟೋ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವವರೊಬ್ಬರ ಮಗಳದು. ಮಣೆಯ ಮೇಲೆ ಒಂದು ಜೋಡಿ ಮಣ್ಣೆತ್ತು, ಎತ್ತಿದ ಕೋಡು, ಹೆಗಲ ಮೇಲೆ ಉಬ್ಬಿದ ಇಣಿ, ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿ. ಎಡಗೈ ಎತ್ತಿನ ಬೆನ್ನ ಮೇಲೆ. ಮುಖದಲ್ಲಿ ನಗುವಿರಲಿಲ್ಲ; ಬಿಸಿಲಿಗೆ ಇರಬೇಕು ಅಂದುಕೊಂಡೆ. "ಶಭಾಷ್! ಎಂಥ ಕೈ ಈ ಕೂಸಿನದು!" ಎಂದು ಎಲ್ಲರೂ ನೋಡುವಂತೆ ಬರೆದೆ.

ಸೋಮವಾರ ಅಣೆಕಟ್ಟಿನ ಹಿನ್ನೀರಿನ ದಂಡೆಯಿಂದ ತರಿಸಿದ ಎರೆಮಣ್ಣನ್ನು ಹದವಾಗಿ ಕಲಸಿ ಕ್ಲಾಸಿನ ನಡುವೆ ಇಟ್ಟೆ. ಆ ಹುಡುಗಿಯನ್ನು ಮುಂದೆ ಕರೆದು, "ಬಾರವ್ವಾ, ಎತ್ತು ಹೆಂಗ ಮಾಡ್ಬೇಕು ಎಲ್ಲಾರಿಗೂ ತೋರ್ಸು" ಅಂದೆ. ಮಕ್ಕಳು ಚಪ್ಪಾಳೆ ಹೊಡೆದರು. ಅವಳು ಎರಡೂ ಕೈ ಬೆನ್ನ ಹಿಂದೆ ಒಯ್ದಳು.

"ನನಗ ಬರಂಗಿಲ್ಲ ಟೀಚರ್."

"ಬರಂಗಿಲ್ಲಂದ್ರ? ನಾ ಫೋಟೋ ನೋಡೇನಲ್ಲ."

"ಅವು ಬಜಾರದಾಗಿನ್ವು."

"ಮತ್ತ ನಿನ್ನ ಎತ್ತು?"

"ನನ್ವು ಎತ್ತ ಅಲ್ಲಂತ. ಅಪ್ಪ ಅಂದ."

ಹಿಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಒಬ್ಬ ನಕ್ಕರೆ ಮುಗಿಯಿತು, ಎಲ್ಲವೂ ನಕ್ಕವು. ಮಕ್ಕಳ ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ಬೆನ್ನ ಹಿಂದೆ ಕಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಅಂದಿನಿಂದ ಬಣ್ಣದ ಕಡ್ಡಿ ಕೊಟ್ಟರೂ ಬೇಡ, ಕಾಳು ಕೊಟ್ಟರೂ ಬೇಡ. ಎಲ್ಲಕ್ಕೂ ಅದೇ ಮಾತು: ನನಗ ಬರಂಗಿಲ್ಲ. ಶಾಲೆಗೆ ಬಂದ ಮೊದಲ ದಿನ ನೆಲದ ತುಂಬ ಸೀಮೆಸುಣ್ಣದಿಂದ ಗೀಚಿ, "ಇದು ಕುರಿ, ಇದು ಕುರಿ ಮರಿ" ಎಂದು ನನ್ನ ಸೆರಗು ಎಳೆದು ತೋರಿಸಿದ್ದ ಕೂಸು ಅದು.

ಅವಳ ತಂದೆಯನ್ನು ಬರಹೇಳಿದೆ. ಸಂಜೆ ಡ್ಯೂಟಿ ಮುಗಿಸಿ ಬಂದರು. ಮಕ್ಕಳ ಸಣ್ಣ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತರು. ನಾನು ವಿಷಯ ಹೇಳಿದೆ. ತುಸು ಗಡಸಾಗಿಯೇ ಹೇಳಿದೆನೇನೋ.

"ಮಾಡಿದ್ಲರಿ," ಅಂದರು. "ಶನಿವಾರ ಸಂಜೀ ತನಾ ಕೂತ ಮಾಡಿದ್ಲು. ಮೊಬೈಲ್ ಹೆಸರ ಎತ್ತಲಿಲ್ಲ. ಊಟಕ್ಕ ಎಬ್ಬಿಸೂದ ತ್ರಾಸಾತು. ಆದ್ರ ಅದಕ್ಕ ಮೂರ ಕಾಲ್ರಿ, ಕೋಡ ಒಂದು ಮ್ಯಾಲ ಒಂದು ಕೆಳಗ. ಗ್ರೂಪ್ ತಗದ ನೋಡಿದ್ರ ಎಲ್ಲಾರವೂ ಏನ ಚಂದ! ನಮ್ಮ ಆಫೀಸಿನ ಮಂದಿ ಮಕ್ಕಳೂ ಅದಾರ್ರೀ ಅದರಾಗ. ಬಜಾರದಾಗ ಕುಂಬಾರರು ಎತ್ತ ಇಟ್ಕೊಂಡ ಕೂತಿದ್ರು. ಒಂದ ಜೋಡಿ ತಂದು, ಬಾಜೂಕ ಆಕಿನ್ನ ನಿಲ್ಸಿ ಫೋಟೋ ಹೊಡದೆ."

"ಆಕಿ ಮಾಡಿದ್ವು ಎಲ್ಲಿ ಅದಾವ್ರಿ?"

ಅವರು ತಲೆ ತಗ್ಗಿಸಿ ಕುರ್ಚಿಯ ಬಣ್ಣ ಕೆರೆದರು. "ತಂದ ಎತ್ತ ಇಡಾಕ ಮಣಿ ಖಾಲಿ ಮಾಡಬೇಕಾಗಿತ್ರಿ. ಮುದ್ದಿ ಮಾಡಿ ಗಿಡದ ಬುಡಕ್ಕ ಹಾಕಿದೆ. ಆಕಿ ನೋಡ್ತಿದ್ಲು." ತಲೆ ಎತ್ತಿ, "ತಪ್ಪಾತರಿ. ಆದ್ರ ಚಂದದ ಫೋಟೋ ಅಂತ ನೀವಾ ಬರದಿದ್ರಲ್ರಿ" ಅಂದರು.

ಜಗಳಕ್ಕೆ ಆಡಿದ ಮಾತಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಅವರಿಗೆ ಬುದ್ಧಿ ಹೇಳಲು ಮೊದಲೇ ಹೊಂದಿಸಿಟ್ಟಿದ್ದ ಮಾತು ಬಿಟ್ಟು, ಆ ಮೆಸೇಜನ್ನೇ ತೆಗೆದು ಮತ್ತೊಮ್ಮೆ ಓದಿದೆ. ಆ ಮನೆಯಲ್ಲಿ ನನ್ನ ಮೆಸೇಜಿನ ಪ್ರತಿ ಸಾಲೂ ಫಲ ಕೊಟ್ಟಿತ್ತು. ಕೂಸು ಮೊಬೈಲು ಮರೆತು ಮಣ್ಣಲ್ಲಿ ಮುಳುಗಿತ್ತು. ಕೊನೆಯ ಸಾಲು ಬಂದು ಅದನ್ನು ತುಳಿದು ಹೋಗಿತ್ತು.

ಅಂದು ರಾತ್ರಿಯೇ ಗ್ರೂಪಿಗೆ ಬರೆದೆ. ಈ ಸಲ ಭಾಷೆಗೆ ಕೈ ಹಾಕಲಿಲ್ಲ. "ಫೋಟೋ ಕೇಳಿದ್ದು ನನ್ನ ತಪ್ಪು. ಇನ್ನು ಮುಂದೆ ಫೋಟೋ, ವಿಡಿಯೋ ಹಾಕಬೇಡಿ. ಮಗು ಮಾಡಿದ್ದು ಹೇಗೇ ಇರಲಿ, ತಿದ್ದಬೇಡಿ. ಮನೆಯಲ್ಲಿ ಅದರ ಕೈಗೆಟುಕುವ ಕಡೆ ಇಡಿ. ಮಾಡಿಸಲು ಆಗದಿದ್ದರೂ ನಡೆಯುತ್ತದೆ."

ಉತ್ತರಗಳು ಬಂದವು. "ಮತ್ತ ಮಾರ್ಕ್ಸ್ ಹೆಂಗ ಕೊಡ್ತೀರಿ ಮ್ಯಾಡಮ್?" ಎಂದು ಒಬ್ಬರು. "ನಮ್ಮ ಹುಡುಗ ಎಲೀ ಚಿತ್ರ ಭಾಳ ಚಂದ ಮಾಡ್ಯಾನ, ಇದೊಂದ ಹಾಕಲೇನ್ರಿ?" ಎಂದು ಇನ್ನೊಬ್ಬರು. ಆ ತಂದೆ ತಾವು ಹಾಕಿದ್ದ ಫೋಟೋ ತೆಗೆಯಲು ಹೋಗಿ, ಗ್ರೂಪಿನಿಂದ ಅಳಿಸುವ ಅವಧಿ ಮೀರಿದೆ ಎಂದು ನನಗೆ ಫೋನು ಮಾಡಿ ಕೇಳಿದರು. ಗ್ರೂಪಿನ ಅಡ್ಮಿನ್ ನಾನೇ. ಅದನ್ನು ಅಳಿಸಿದೆ. ಅದರ ಕೆಳಗಿದ್ದ ನನ್ನ ಶಭಾಷನ್ನೂ ಅಳಿಸಿದೆ. ಅಳಿಸಲಾಗಿದೆ ಎಂಬ ಗುರುತು ಎರಡೂ ಕಡೆ ಉಳಿಯಿತು.

ಶನಿವಾರ ಅರ್ಧ ದಿನದ ಶಾಲೆ. ಮತ್ತೆ ಮಣ್ಣು ಕಲಸಿ ಮೂಲೆಯಲ್ಲಿಟ್ಟೆ, ಯಾರನ್ನೂ ಕರೆಯಲಿಲ್ಲ. ಬೇಕಾದವು ಹೋಗಿ ಆಡಿ ಬಂದವು. ಶಾಲೆ ಬಿಟ್ಟಿತು. ಅವಳನ್ನು ಒಯ್ಯಬೇಕಾದ ಅಜ್ಜಿ ತಡಮಾಡಿದ್ದರು. ಖಾಲಿ ಕ್ಲಾಸಿನಲ್ಲಿ ನಾವಿಬ್ಬರೇ. ನಾನು ಚಾಪೆ ಸುತ್ತುತ್ತಿದ್ದೆ. ಅವಳು ಮಣ್ಣಿನ ಬುಟ್ಟಿಯ ಹತ್ತಿರ ಹೋಗಿ ನಿಂತಿದ್ದಳು.

"ಟೀಚರ್, ನಿಮ್ಮ ಮೊಬೈಲ್ ಎಲ್ಲೈತಿ?"

"ಬ್ಯಾಗಿನಾಗೈತಿ."

"ಝಿಪ್ ಹಾಕೀರಿ?"

ಹೋಗಿ ಝಿಪ್ ಎಳೆದು ತೋರಿಸಿದೆ.

"ನೀವ್ ಆ ಕಡೆ ನೋಡ್ರಿ."

ನಾನು ಗೋಡೆಯ ಕಡೆ ತಿರುಗಿದೆ. ನಾನೇ ಅಂಟಿಸಿದ್ದ ಅಕ್ಷರಮಾಲೆಯನ್ನು, ತಪ್ಪು ಮಾಡಿ ಮೂಲೆಯಲ್ಲಿ ನಿಂತ ಹುಡುಗಿಯಂತೆ ನೋಡುತ್ತ ನಿಂತೆ. ಹಿಂದೆ ಮಣ್ಣು ತಟ್ಟುವ ಸದ್ದು ಬರುತ್ತಿತ್ತು. ನಡುನಡುವೆ ತನ್ನಷ್ಟಕ್ಕೆ ಏನೋ ಪಿಸುಗುಡುತ್ತಿದ್ದಳು. ಒಮ್ಮೆ ತಿರುಗಿ ನೋಡುವ ಆಸೆ ಬಹಳ ಆಯಿತು. ನೋಡಲಿಲ್ಲ.

ಬಾಗಿಲಲ್ಲಿ ಅಜ್ಜಿ, "ಯಾಕ್ರಿ ಅಕ್ಕಾರ, ಗ್ವಾಡಿ ಕಡೆ ಮಾರಿ ಮಾಡಿ ನಿಂತೀರಿ?" ಅಂದರು.

"ತಿರುಗಬ್ಯಾಡ್ರಿ," ಎಂದಿತು ಹಿಂದಿನ ದನಿ. "ಇನ್ನೂ ಎರಡ ಕಾಲ ಬಾಕಿ ಅದಾವ."

ಅಜ್ಜಿಗೆ ಸೆರಗು ಹಿಡಿಯಲು ಹೇಳಿ, ಮಾಡಿದ್ದನ್ನು ಅದರಲ್ಲಿ ಮುಚ್ಚಿಕೊಂಡು ಹೋದಳು. ನನಗೆ ತೋರಿಸಲಿಲ್ಲ.